ಟೊಮೆಟೊ ಗಾಡಿಯ ಲಾಭ: ಲೆಕ್ಕ ಎರಡು, ಉತ್ತರ ಒಂದು

ಕೇಳುಗರಿಗೆ ನಮಸ್ಕಾರ.

ಟೊಮೆಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆ ಕಡೆ ಹೋದವರಿಗೆ ಗೊತ್ತು. ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಕ್ರೇಟು ತುಂಬಿಕೊಂಡು ಬಂದ ಸಣ್ಣ ಗೂಡ್ಸ್ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಅಂಥ ಒಂದು ಗಾಡಿ ಕೊಳ್ಳಬೇಕು ಅಂತಿರುವವರು ನನ್ನ ಹತ್ತಿರ ಲೆಕ್ಕ ಕೇಳೋಕೆ ಬಂದರೆ ನಾನು ಎರಡು ರೀತಿ ಲೆಕ್ಕ ಹಾಕಿ ತೋರಿಸುತ್ತೇನೆ. ಎರಡರಲ್ಲೂ ಒಂದೇ ಉತ್ತರ ಬರಬೇಕು. ಯಾಕೆ ಬರುತ್ತೆ, ಯಾವಾಗ ಬರಲ್ಲ ಅನ್ನೋದೇ ಇವತ್ತಿನ ಮಾತು. ಪೆನ್ನು, ಹಾಳೆ ಹತ್ತಿರ ಇದ್ದರೆ ಒಳ್ಳೆಯದು. ಸುಲಭವಾಗಿ ಕೂಡಲಿ ಅಂತ ಅಂಕಿಗಳನ್ನ ನಾನೇ ಆರಿಸಿಕೊಂಡಿದ್ದೇನೆ.

ಗಾಡಿಯ ಬೆಲೆ 6,00,000 ರೂಪಾಯಿ. ಮೂರು ವರ್ಷ ಓಡಿಸಿ, ಕೊನೆಗೆ 1,50,000ಕ್ಕೆ ಮಾರೋದು. ಡೀಸೆಲ್, ರಿಪೇರಿ, ಇನ್ಶೂರೆನ್ಸ್, ಡ್ರೈವರ್ ಸಂಬಳ ಎಲ್ಲ ಕಳೆದು ಕೈಯಲ್ಲಿ ಉಳಿಯುವ ದುಡ್ಡು ಮೊದಲ ವರ್ಷ 2,20,000, ಎರಡನೇ ವರ್ಷ 2,42,000, ಮೂರನೇ ವರ್ಷ 2,49,300. ಒಂದು ಮಾತು: ಗಾಡಿ ಓಡಿಸೋದು ನೀವೇ ಆದರೂ ಡ್ರೈವರ್ ಸಂಬಳ ಕಳೆಯಲೇಬೇಕು. ಇಲ್ಲದಿದ್ದರೆ ನಿಮ್ಮ ಕೂಲಿಯನ್ನೇ ಗಾಡಿಯ ಲಾಭ ಅಂತ ಎಣಿಸಿದ ಹಾಗಾಗುತ್ತೆ.

ಇನ್ನು ಬಡ್ಡಿ. ಈ 6 ಲಕ್ಷವನ್ನ ಇಷ್ಟೇ ರಿಸ್ಕ್ ಇರೋ ಬೇರೆ ಕಡೆ ಹಾಕಿದ್ದರೆ ವರ್ಷಕ್ಕೆ ನೂರಕ್ಕೆ 10 ಸಿಗುತ್ತಿತ್ತು ಅಂತಿಟ್ಟುಕೊಳ್ಳಿ. ಗಾಡಿ ನಿಮ್ಮ ದುಡ್ಡಿಗೆ ಕನಿಷ್ಠ ಅಷ್ಟಾದರೂ ದುಡಿಯಬೇಕು.

ಮೊದಲನೇ ಲೆಕ್ಕ ನಿವ್ವಳ ಪ್ರಸ್ತುತ ಮೌಲ್ಯದ್ದು. ಬ್ಯಾಂಕಿನವರು ಎನ್‌ಪಿವಿ ಅಂತಾರಲ್ಲ, ಅದೇ. ಮುಂದೆ ಬರುವ ದುಡ್ಡು ಇವತ್ತಿನ ಲೆಕ್ಕಕ್ಕೆ ಎಷ್ಟು ಅಂತ ನೋಡೋದು. ಆಯಾ ವರ್ಷದ ದುಡ್ಡು ವರ್ಷದ ಕೊನೆಗೆ ಕೈ ಸೇರುತ್ತೆ ಅಂದುಕೊಂಡರೆ, ಒಂದು ವರ್ಷ ಬಿಟ್ಟು ಬರುವ 2,20,000 ಇವತ್ತಿನ 2,00,000ಕ್ಕೆ ಸಮ. ಎರಡು ವರ್ಷ ಬಿಟ್ಟು ಬರುವ 2,42,000 ಕೂಡ ಇವತ್ತಿನ 2,00,000. ಮೂರನೇ ವರ್ಷ ದುಡಿಮೆಯ ಜೊತೆ ಗಾಡಿ ಮಾರಿದ ದುಡ್ಡೂ ಸೇರಿ 3,99,300 ಬರುತ್ತೆ. ಅದು ಇವತ್ತಿನ 3,00,000. ಒಟ್ಟು 7 ಲಕ್ಷ. ಹಾಕಿದ 6 ಲಕ್ಷ ಕಳೆದರೆ ಉಳಿಯೋದು 1,00,000. ಇಷ್ಟೇ. ಗಾಡಿ ಹಳೆಯದಾದಂತೆ ಅದರ ಬೆಲೆ ಇಳಿಯುತ್ತಲ್ಲ, ಆ ಸವಕಳಿ ಅನ್ನೋ ಮಾತೇ ಈ ಲೆಕ್ಕದಲ್ಲಿ ಇಲ್ಲ, ಗಮನಿಸಿ.

ಎರಡನೇ ಲೆಕ್ಕ ಆರ್ಥಿಕ ಲಾಭದ್ದು. ಇದು ವರ್ಷ ವರ್ಷ ಲೆಕ್ಕದ ಪುಸ್ತಕ ಬರೆಯುವವರ ದಾರಿ. ದುಡಿಮೆಯಲ್ಲಿ ಮೊದಲು ಸವಕಳಿ ಕಳೆಯಬೇಕು. ಆಮೇಲೆ ಗಾಡಿಯಲ್ಲಿ ಇನ್ನೂ ಸಿಕ್ಕಿಕೊಂಡಿರುವ ಬಂಡವಾಳಕ್ಕೆ ನೂರಕ್ಕೆ 10ರಂತೆ ಬಡ್ಡಿ ಕಳೆಯಬೇಕು. ಈ ಬಡ್ಡಿಗೇ ಬಂಡವಾಳ ಶುಲ್ಕ ಅಂತ ಹೆಸರು. ಯಾರಿಗೂ ಕಟ್ಟೋ ಬಡ್ಡಿ ಅಲ್ಲ ಇದು. ನಿಮ್ಮ ದುಡ್ಡಿಗೆ ನೀವೇ ಹಾಕಿಕೊಳ್ಳೋ ಬಡ್ಡಿ. ಎರಡೂ ಕಳೆದ ಮೇಲೆ ಉಳಿದದ್ದು ಆರ್ಥಿಕ ಲಾಭ. ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಇದನ್ನ ಹೇಳಿದ್ದರು. ನೂರು ವರ್ಷ ಕಳೆದ ಮೇಲೆ ಒಂದು ಅಮೆರಿಕನ್ ಸಲಹಾ ಕಂಪನಿ ಅದನ್ನೇ ಎಕನಾಮಿಕ್ ವ್ಯಾಲ್ಯೂ ಆಡೆಡ್, ಚಿಕ್ಕದಾಗಿ ಇವಿಎ, ಅಂತ ಹೆಸರಿಟ್ಟು ಮಾರಿತು. ಅದು ಬೇರೆ ಕಥೆ.

ಬೆಲೆ 6 ಲಕ್ಷದಿಂದ 1.5 ಲಕ್ಷಕ್ಕೆ ಇಳಿಯಬೇಕು. ಮೂರು ವರ್ಷಕ್ಕೆ ಸಮನಾಗಿ ಹಂಚಿದರೆ ವರ್ಷಕ್ಕೆ 1,50,000 ಸವಕಳಿ. ಮೊದಲ ವರ್ಷದ 2,20,000ದಲ್ಲಿ ಅದನ್ನ ಕಳೆದರೆ 70,000. 6 ಲಕ್ಷಕ್ಕೆ ಬಡ್ಡಿ 60,000. ಉಳಿದದ್ದು ಬರೀ 10,000. ಎರಡನೇ ವರ್ಷ ಪುಸ್ತಕದಲ್ಲಿ ಗಾಡಿಯ ಬೆಲೆ 4,50,000ಕ್ಕೆ ಇಳಿದಿದೆ, ಬಡ್ಡಿ 45,000 ಮಾತ್ರ. ಆರ್ಥಿಕ ಲಾಭ 47,000. ಮೂರನೇ ವರ್ಷ 3,00,000ಕ್ಕೆ ಬಡ್ಡಿ 30,000, ಲಾಭ 69,300.

ಮೂರನ್ನೂ ಸುಮ್ನೆ ಕೂಡಿದರೆ 1,26,300 ಆಗುತ್ತೆ. ಎನ್‌ಪಿವಿ 1 ಲಕ್ಷ ಬಂದಿತ್ತು. ಹೊಂದಲಿಲ್ಲ, ಅಲ್ವಾ? ತುಂಬಾ ಜನ ಇಲ್ಲೇ ಲೆಕ್ಕ ಕೈಬಿಡೋದು. ಬೇರೆ ಬೇರೆ ವರ್ಷದ ರೂಪಾಯಿಗಳನ್ನ ಹಾಗೆಲ್ಲ ಕೂಡುವಂತಿಲ್ಲ. ಎಲ್ಲವನ್ನೂ ಮೂರನೇ ವರ್ಷದ ಕೊನೆಗೆ ತನ್ನಿ. ಮೊದಲ ವರ್ಷದ 10,000 ಎರಡು ವರ್ಷದ ಚಕ್ರಬಡ್ಡಿ ಸೇರಿ 12,100. ಎರಡನೇ ವರ್ಷದ 47,000 ಒಂದು ವರ್ಷದ ಬಡ್ಡಿ ಸೇರಿ 51,700. ಮೂರನೆಯದು ಇದ್ದ ಹಾಗೇ 69,300. ಒಟ್ಟು 1,33,100. ಈಗ ಎನ್‌ಪಿವಿಯ 1 ಲಕ್ಷವನ್ನ ನೂರಕ್ಕೆ 10ರಂತೆ ಮೂರು ವರ್ಷ ಬೆಳೆಸಿ. ಅದೂ 1,33,100. ಒಂದು ರೂಪಾಯಿಯೂ ವ್ಯತ್ಯಾಸ ಇಲ್ಲ.

ಇದು ನಾನು ಅಂಕಿ ಆರಿಸಿಕೊಂಡದ್ದರಿಂದ ಹೊಂದಿತು ಅಂತ ಅನುಮಾನ ಬರಬಹುದು. ಸವಕಳಿಯನ್ನ ಬದಲಾಯಿಸಿ ನೋಡೋಣ. ಹೊಸ ಗಾಡಿ ಶೋರೂಮಿನಿಂದ ಆಚೆ ಬಂದ ಕೂಡಲೇ ಬೆಲೆ ಬೀಳುತ್ತೆ ಅಂತ ಮೊದಲ ವರ್ಷವೇ 3,00,000 ಸವಕಳಿ ಬರೆಯಿರಿ. ಎರಡನೇ ವರ್ಷ 1,50,000, ಮೂರನೇ ವರ್ಷ ಏನೂ ಬೇಡ. ಈಗ ಮೊದಲ ವರ್ಷ 80,000 ನಷ್ಟ. ಅದರ ಮೇಲೆ 60,000 ಬಡ್ಡಿ ಬೇರೆ. ಒಟ್ಟು 1,40,000 ಮೈನಸ್! ನೋಡಿದವರಿಗೆ ಎದೆ ಧಸಕ್ಕೆನ್ನುತ್ತೆ. ಎರಡನೇ ವರ್ಷ ಬಡ್ಡಿ 30,000ಕ್ಕೆ ಇಳಿದು 62,000 ಉಳಿಯುತ್ತೆ. ಮೂರನೇ ವರ್ಷ ಸವಕಳಿ ಇಲ್ಲ, ಬಡ್ಡಿ ಬರೀ 15,000, ಲಾಭ 2,34,300. ಮೂರನ್ನೂ ಮತ್ತೆ ಮೂರನೇ ವರ್ಷದ ಕೊನೆಗೆ ತನ್ನಿ: ಮೈನಸ್ 1,69,400, ಪ್ಲಸ್ 68,200, ಪ್ಲಸ್ 2,34,300. ಕೂಡಿದರೆ ಮತ್ತೆ ಅದೇ 1,33,100.

ಯಾಕೆ ಹೀಗೆ? ಈ ಸಲ ಮೊದಲ ವರ್ಷ 1,50,000 ಜಾಸ್ತಿ ಸವಕಳಿ ಬರೆದಿರಿ. ಮೂರನೇ ವರ್ಷದ ಕೊನೆಗೆ ಆ ಹೊಡೆತದ ಬೆಲೆ 1,81,500. ಆದರೆ ಅಷ್ಟು ಬಂಡವಾಳ ಪುಸ್ತಕದಿಂದ ಬೇಗ ಇಳಿದದ್ದರಿಂದ ಎರಡನೇ ವರ್ಷ 15,000 ಬಡ್ಡಿ ಉಳಿಯಿತು, ಮೂರನೇ ವರ್ಷವೂ 15,000 ಉಳಿಯಿತು. ಮೂರನೇ ವರ್ಷ ಬರೆಯಬೇಕಿದ್ದ 1,50,000 ಸವಕಳಿಯೂ ಉಳಿಯಿತು. ಮೊದಲ 15,000ಕ್ಕೆ ಬಡ್ಡಿ ಸೇರಿಸಿ ಕೂಡಿ ನೋಡಿ, ಸರಿಯಾಗಿ 1,81,500. ಅಂದರೆ ಸವಕಳಿಯನ್ನ ಮುಂದೆ ತಂದರೂ ಹಿಂದೆ ತಳ್ಳಿದರೂ ಬಡ್ಡಿ ಅದನ್ನ ಸರಿದೂಗಿಸುತ್ತೆ. ಎಲ್ಲ ವರ್ಷದ ಸವಕಳಿ, ಬಡ್ಡಿ, ಕೊನೆಗೆ ಉಳಿದ 1,50,000, ಇವಿಷ್ಟನ್ನೂ ಇವತ್ತಿನ ಬೆಲೆಗೆ ತಂದರೆ ಬರೋದು ಯಾವಾಗಲೂ ಗಾಡಿಯ 6 ಲಕ್ಷವೇ. ಇದನ್ನ 1930ರ ದಶಕದಲ್ಲಿ ಗೇಬ್ರಿಯಲ್ ಪ್ರೈನ್‌ರೈಕ್ ಅನ್ನೋ ಲೆಕ್ಕಶಾಸ್ತ್ರಜ್ಞರು ತೋರಿಸಿದ್ದರು. 1955ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಲ್ಯೂಕೆ ಮತ್ತೆ ಬರೆದರು. ಪ್ರಮೇಯಕ್ಕೆ ಲ್ಯೂಕೆಯವರ ಹೆಸರೇ ನಿಂತಿದೆ.

ಎರಡು ಉತ್ತರ ಹೊಂದದೇ ಹೋದರೆ ತಪ್ಪು ಸಾಮಾನ್ಯವಾಗಿ ಬಡ್ಡಿಯಲ್ಲೇ ಇರುತ್ತೆ. ಬಡ್ಡಿ ಹಾಕಬೇಕಾದ್ದು ವರ್ಷದ ಶುರುವಿನ ಪುಸ್ತಕದ ಬೆಲೆಗೆ. ಶುರುವಿನದ್ದು, ಕೊನೆಯದ್ದು ಎರಡನ್ನೂ ಕೂಡಿ ಸರಾಸರಿಗೆ ಹಾಕೋ ಅಭ್ಯಾಸ ಕೆಲವರಿಗಿದೆ. ನಮ್ಮ ಗಾಡಿಗೆ ಹಾಗೆ ಹಾಕಿದರೆ 1,33,100 ಹೋಗಿ 1,57,925 ಬರುತ್ತೆ. ಸುಮಾರು 25,000 ರೂಪಾಯಿ ಇಲ್ಲದ ಲಾಭ. ಬ್ಯಾಂಕ್ ಸಾಲದಲ್ಲಿ ಗಾಡಿ ತಂದವರು ಮಾಡೋದು ಇದರ ತಿರುಗಾಮುರುಗ. ಕಂತಿನ ಬಡ್ಡಿಯನ್ನ ಖರ್ಚು ಅಂತ ಕಳೆಯುತ್ತಾರೆ, ಆಮೇಲೆ ಪೂರ್ತಿ 6 ಲಕ್ಷಕ್ಕೆ ಬಂಡವಾಳ ಶುಲ್ಕವನ್ನೂ ಕಳೆಯುತ್ತಾರೆ. ಒಂದೇ ದುಡ್ಡಿಗೆ ಎರಡು ಸಲ ಬಡ್ಡಿ. ಈ ಲೆಕ್ಕದಲ್ಲಿ ಕಂತಿನ ಬಡ್ಡಿ ಬರಕೂಡದು. ನೂರಕ್ಕೆ 10 ಅಂತ ದರ ಇಡುವಾಗಲೇ ಸಾಲದ ದುಡ್ಡಿನ ಬೆಲೆಯನ್ನ ಅದರಲ್ಲಿ ಸೇರಿಸಿಕೊಂಡಿರಬೇಕು.

ಇನ್ನೊಂದು ಶರತ್ತು: ಪುಸ್ತಕದಲ್ಲಿ ಬೆಲೆ ಏರಿಳಿದದ್ದೆಲ್ಲ ಲಾಭನಷ್ಟದ ಮೂಲಕವೇ ಹೋಗಬೇಕು. ಗಾಡಿ 1,50,000ದ ಬದಲು 1,80,000ಕ್ಕೆ ಹೋಯಿತು ಅನ್ನಿ. ಆ ಹೆಚ್ಚಿನ 30,000 ಮೂರನೇ ವರ್ಷದ ಲಾಭಕ್ಕೆ ಸೇರಲೇಬೇಕು. ಅದನ್ನ ಬೇರೆ ಖಾತೆಗೆ ಹಾಕಿಬಿಟ್ಟರೆ ಎರಡು ಲೆಕ್ಕ ಮತ್ತೆ ಹೊಂದಲ್ಲ. ತೆರಿಗೆ ಕಟ್ಟುವವರಿಗೂ ಒಂದು ಮಾತು. ಸವಕಳಿ ಹೇಗೆ ಬರೆದರೂ ಸರಿ ಅಂದದ್ದು ನಿಮ್ಮ ಸ್ವಂತ ಪುಸ್ತಕದ ಮಟ್ಟಿಗೆ ಮಾತ್ರ. ತೆರಿಗೆ ಇಲಾಖೆಗೆ ತೋರಿಸುವ ಸವಕಳಿ ಕಟ್ಟುವ ತೆರಿಗೆಯನ್ನೇ ಬದಲಿಸುತ್ತೆ. ಅಲ್ಲಿ ಕೈಯಿಂದ ಹೋಗುವ ದುಡ್ಡು ಬದಲಾಗೋದರಿಂದ ಎನ್‌ಪಿವಿಯೂ ಬದಲಾಗುತ್ತೆ.

ಕೊನೆಯದಾಗಿ, ಆ 1,40,000 ಮೈನಸ್ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷದ ಕೊನೆಗೆ ಪುಸ್ತಕ ನೋಡಿ ಗಾಬರಿಯಾದ ಮಾಲೀಕರಿಗೆ ಒಬ್ಬರು ಬಂದು, 'ಗಾಡಿ ಕೊಟ್ಟುಬಿಡಿ ಅಣ್ಣ, 4,80,000 ಕೊಡ್ತೀನಿ' ಅಂತಾರೆ. ಪುಸ್ತಕದಲ್ಲಿ ಬೆಲೆ 3,00,000. 1,80,000 ಜಾಸ್ತಿ ಸಿಗುತ್ತಿದೆ. ಕೊಟ್ಟುಬಿಡೋಣ ಅನ್ನಿಸುತ್ತೆ. ಆದರೆ ಪುಸ್ತಕದ ಬೆಲೆಗೆ ಮುಂದಿನ ಎರಡು ವರ್ಷದ ಆರ್ಥಿಕ ಲಾಭವನ್ನೂ ಆ ದಿನದ ಬೆಲೆಗೆ ತಂದು ಸೇರಿಸಬೇಕು. 62,000 ಮತ್ತು 2,34,300, ಎರಡೂ ಸೇರಿ ಆ ದಿನಕ್ಕೆ 2,50,000. ಪುಸ್ತಕದ 3,00,000 ಕೂಡಿದರೆ 5,50,000. ಸವಕಳಿಯನ್ನ ಸಮನಾಗಿ ಹಂಚಿದ ಪುಸ್ತಕವಾದರೆ ಬೆಲೆ 4,50,000 ಇರುತ್ತೆ, ಮುಂದಿನ ಲಾಭದ ಆ ದಿನದ ಬೆಲೆ 1,00,000. ಅಲ್ಲೂ 5,50,000. ಅಂದಾಜಿನ ದುಡಿಮೆ ಬರುತ್ತೆ ಅನ್ನೋ ನಂಬಿಕೆ ಮಾಲೀಕರಿಗೆ ಇನ್ನೂ ಇದ್ದರೆ, 4,80,000ಕ್ಕೆ ಗಾಡಿ ಕೊಟ್ಟರೆ 70,000 ಕಳೆದುಕೊಂಡ ಹಾಗೆ. ನಂಬಿಕೆ ಇಲ್ಲದಿದ್ದರೆ ಬದಲಾಯಿಸಬೇಕಾದ್ದು ಆ ಎರಡು ವರ್ಷದ ದುಡಿಮೆಯ ಅಂದಾಜನ್ನ.

ನಮಸ್ಕಾರ.