ಫ್ಲೂ: ಲಕ್ಷಣ ಸಾಕೆ, ಪರೀಕ್ಷೆ ಬೇಕೆ?

ಮಾನ್ಯರೇ, ಮಳೆಗಾಲದಲ್ಲಿ ಊರಿನಲ್ಲಿ ಫ್ಲೂ ಹಬ್ಬಿರುವಾಗ ಹಠಾತ್ತನೆ ಏರಿದ ಜ್ವರ, ಕೆಮ್ಮು, ಮೈಕೈ ನೋವು ಮೂರೂ ಕೂಡಿ ಬಂದ ವಯಸ್ಕರಿಗೆ ಫ್ಲೂ ಎಂದೇ ಹೇಳಿದರೆ ವೈದ್ಯರು ಸಾಮಾನ್ಯವಾಗಿ ತಪ್ಪುವುದಿಲ್ಲ. ಇದು ಊಹೆಯಲ್ಲ, ರೋಗಿಯ ಲಕ್ಷಣದ ಜೊತೆಗೆ ಊರಿನ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ತೀರ್ಮಾನ. ಅದೇ ಲಕ್ಷಣಗಳು ಫ್ಲೂ ಇಲ್ಲದ ತಿಂಗಳಲ್ಲಿ ಕಂಡರೆ ಅಷ್ಟು ಧೈರ್ಯದಿಂದ ಹೇಳಲಾಗದು.

ಒಮ್ಮೆ ಅರವತ್ತೆಂಟರ ಹಿರಿಯರೊಬ್ಬರು ಬಂದರು. ಸಕ್ಕರೆ ಕಾಯಿಲೆಯಿತ್ತು, ಜ್ವರ ಬಂದು ಎರಡನೆಯ ದಿನ. ಫ್ಲೂ ವೈರಸ್ಸನ್ನು ತಡೆಯುವ ಆಸೆಲ್ಟಮಿವಿರ್ 75 ಮಿ.ಗ್ರಾಂ ಕ್ಯಾಪ್ಸೂಲನ್ನು ದಿನಕ್ಕೆರಡರಂತೆ ಐದು ದಿನಕ್ಕೆ ಬರೆದುಕೊಟ್ಟೆ. ಮರುದಿನ ಅವರ ಮಗ ಖಾಸಗಿ ಲ್ಯಾಬಿನ ರ‍್ಯಾಪಿಡ್ ಟೆಸ್ಟಿನ ವರದಿ ಹಿಡಿದು ಬಂದು, "ನೆಗೆಟಿವ್ ಬಂದಿದೆ ಡಾಕ್ಟ್ರೇ, ಮಾತ್ರೆ ನಿಲ್ಲಿಸಲೇ?" ಎಂದರು. ಬೇಡ ಎಂದಾಗ ಅವರಿಗೆ ಬೇಸರವಾಯಿತು: ದುಡ್ಡು ಕೊಟ್ಟು ತಂದ ಕಾಗದಕ್ಕೆ ಬೆಲೆಯೇ ಇಲ್ಲವೇ?

ಚೀಟಿಯ ಹಿಂಬದಿಯಲ್ಲಿ ಅವರಿಗೆ ಲೆಕ್ಕ ಬರೆದು ತೋರಿಸಿದೆ. ಇಂಥ ನೂರು ಜನರಲ್ಲಿ ಎಪ್ಪತ್ತು ಮಂದಿಗೆ ನಿಜಕ್ಕೂ ಫ್ಲೂ ಇದೆ ಎಂದುಕೊಳ್ಳಿ. ಆ ಬಗೆಯ ಟೆಸ್ಟು ನೂರರಲ್ಲಿ ಸುಮಾರು ಅರವತ್ತನ್ನು ಹಿಡಿದರೆ, ಆ ಎಪ್ಪತ್ತರಲ್ಲಿ ನಲವತ್ತೆರಡು ಸಿಗುತ್ತವೆ, ಇಪ್ಪತ್ತೆಂಟು ತಪ್ಪಿಹೋಗುತ್ತವೆ. ಫ್ಲೂ ಇಲ್ಲದ ಮೂವತ್ತು ಜನರೂ ನೆಗೆಟಿವ್ ಬಂದರೆ ನೆಗೆಟಿವ್ ಎನಿಸಿಕೊಂಡವರು ಒಟ್ಟು ಐವತ್ತೆಂಟು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಫ್ಲೂ ಇದ್ದೇ ಇದೆ. ಈ ಔಷಧ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಪ್ರಯೋಜನ. ಅಂಥ ವರದಿಯನ್ನು ನಂಬಿ ಅದನ್ನು ನಿಲ್ಲಿಸುವುದು ಹೇಗೆ? ಮಗ ಲೆಕ್ಕವನ್ನು ಎರಡು ಸಲ ಕೂಡಿ ನೋಡಿದರು (ವೃತ್ತಿಯಿಂದ ಬ್ಯಾಂಕಿನವರಂತೆ), ಆಮೇಲೆ ಒಪ್ಪಿದರು.

2009ರ ಎಚ್1ಎನ್1 ಪಿಡುಗಿನ ಹೊತ್ತಿಗೆ ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಎ, ಬಿ, ಸಿ ವರ್ಗೀಕರಣದ ಹಿಂದೆಯೂ ಇದೇ ತರ್ಕವಿದೆ. ಸೌಮ್ಯ ಲಕ್ಷಣದ ಎ ವರ್ಗಕ್ಕೆ ಪರೀಕ್ಷೆಯೂ ಬೇಡ, ಆಸೆಲ್ಟಮಿವಿರ್ ಕೂಡ ಬೇಡ. ಆರೋಗ್ಯವಂತ ವಯಸ್ಕರಲ್ಲಿ ಅದು ಕಾಯಿಲೆಯನ್ನು ಸುಮಾರು ಒಂದು ದಿನದಷ್ಟು ಮಾತ್ರ ಮೊಟಕುಗೊಳಿಸುತ್ತದೆ. ಗರ್ಭಿಣಿಯರು, ಸಕ್ಕರೆ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯವರು, 65 ದಾಟಿದವರು ಬಿ ವರ್ಗದಲ್ಲಿದ್ದು, ಅವರಿಗೆ ಪರೀಕ್ಷೆಯಿಲ್ಲದೆಯೇ ಔಷಧ. ಉಸಿರಾಟದ ತೊಂದರೆ, ಎದೆನೋವು, ಮಂಪರು, ರಕ್ತದೊತ್ತಡದ ಕುಸಿತ ಇದ್ದರೆ ಅದು ಸಿ ವರ್ಗ: ಕೂಡಲೇ ಆಸ್ಪತ್ರೆಗೆ ಸೇರಿಸಿ ಪರೀಕ್ಷೆ ಮಾಡಬೇಕು, ಆದರೆ ಔಷಧ ವರದಿಗಾಗಿ ಕಾಯಬಾರದು.

ಅಧ್ಯಕ್ಷರು ಗಡಿಯಾರ ನೋಡುತ್ತಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಪಿಸಿಆರ್ ವರದಿ ಚಿಕಿತ್ಸೆಯನ್ನು ನಿಜವಾಗಿಯೂ ಬದಲಿಸಬಲ್ಲದು: ರೋಗಿಯನ್ನು ಪ್ರತ್ಯೇಕವಾಗಿಡಬೇಕೇ, ಆಂಟಿಬಯಾಟಿಕ್ ನಿಲ್ಲಿಸಬಹುದೇ, ಇದು ಕೋವಿಡ್ ಆಗಿದ್ದು ಬೇರೆ ಔಷಧ ಬೇಕೇ ಎಂಬುದು ಅದರಿಂದ ತಿಳಿಯುತ್ತದೆ. ನ್ಯುಮೋನಿಯಾ ಆಗಿರುವವರಲ್ಲಿ ಗಂಟಲು ದ್ರವದ ಪಿಸಿಆರ್ ಕೂಡ ನೆಗೆಟಿವ್ ಬರುವುದುಂಟು. ಅನುಮಾನ ಬಲವಾಗಿದ್ದರೆ ಶ್ವಾಸಕೋಶದ ಒಳಗಿನ ಸ್ರಾವವನ್ನು ಕಳಿಸಬೇಕು. ಇನ್ನು ಕೆಮ್ಮಿಲ್ಲದೆ ಜ್ವರ ಮಾತ್ರವಿದ್ದರೆ, ಫ್ಲೂ ಟೆಸ್ಟಿಗಿಂತ ಮೊದಲು ಡೆಂಗಿ ಪರೀಕ್ಷೆ ಮಾಡಿಸಿ.