ಬಿಳಿ ಮಚ್ಚೆಯೊಳಗಿನ ಕೆಂಪು

ಕೇಳುಗರಿಗೆ ನಮಸ್ಕಾರ. ನನ್ನ ಮಾತು ಕಿವಿಗೆ ಬೀಳುತ್ತಿರುವಾಗಲೇ ನಾಲಿಗೆಯ ತುದಿಯನ್ನು ಒಮ್ಮೆ ಕೆಳವಸಡಿಗೂ ಕೆನ್ನೆಗೂ ನಡುವಿನ ಸಂದಿಯಲ್ಲಿ ಓಡಿಸಿ. ಜಗಿಯುವ ಅಭ್ಯಾಸವಿದ್ದವರಿಗೆ ಆ ಸಂದಿ ಚೆನ್ನಾಗಿ ಗೊತ್ತು. ಹೊಗೆಸೊಪ್ಪು, ಅಡಿಕೆ, ಸುಣ್ಣ ಬೆರೆತ ಉಂಡೆಯನ್ನು ಒತ್ತರಿಸಿ ಇಟ್ಟುಕೊಳ್ಳುವುದು ಅಲ್ಲಿಯೇ. ಕೆಲವರು ವರ್ಷಗಟ್ಟಲೆ ಒಂದೇ ಬದಿಯಲ್ಲಿ ಇಟ್ಟುಕೊಳ್ಳುತ್ತಾರೆ, ನಿದ್ದೆಯಲ್ಲೂ ಉಗುಳದವರಿದ್ದಾರೆ. ಇಂಥವರಲ್ಲಿ ಬಾಯಿಯ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದು ಹೆಚ್ಚಾಗಿ ಅದೇ ಜಾಗದಲ್ಲಿ.

ನನ್ನ ಕೆಲಸ ಪ್ರಯೋಗಾಲಯದಲ್ಲಿ. ಬಾಯಿಯಿಂದ ತೆಗೆದ ತುಣುಕುಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಏನಾಗಿದೆ ಎಂದು ಹೇಳುವವನು ನಾನು. ಅಂಥ ಒಂದು ತುಣುಕಿನ ಕಥೆಯನ್ನು, ಸರಿಯಾಗಿ ಹೇಳಬೇಕೆಂದರೆ ಒಬ್ಬನದೇ ಬಾಯಿಯ ಎರಡು ತುಣುಕುಗಳ ಕಥೆಯನ್ನು, ಇಂದು ಹೇಳುತ್ತೇನೆ.

ಆತನಿಗೆ ನಲವತ್ತಾರು ವರ್ಷ. ಹೊಲಿಗೆ ಕೆಲಸ. ಇಪ್ಪತ್ತು ವರ್ಷ ಹೊಗೆಸೊಪ್ಪು ಜಗಿದು, ಆರು ವರ್ಷಗಳಿಂದ ಅದನ್ನು ಬಿಟ್ಟು ಬರೀ ಅಡಿಕೆ ಜಗಿಯುತ್ತಿದ್ದ. ಅಪಾಯ ಇರುವುದು ಹೊಗೆಸೊಪ್ಪಿನಲ್ಲಿ, ಅಡಿಕೆಯಿಂದ ಏನೂ ಆಗದು ಎಂಬುದು ಆತನ ಲೆಕ್ಕ. ಈ ಲೆಕ್ಕ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೊಗೆಸೊಪ್ಪು ಸೇರದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ತೀರ್ಮಾನಿಸಿದೆ.

ಆತನ ಎಡಗೆನ್ನೆಯ ಒಳಗೆ ಸುಮಾರು ಮೂರು ಸೆಂಟಿಮೀಟರ್ ಅಗಲದ ಬಿಳಿ ಮಚ್ಚೆ ಎದ್ದಿತ್ತು. ನೋವಿರಲಿಲ್ಲ. ಖಾರ ತಿಂದಾಗ ಒಂದು ಕಡೆ ಮಾತ್ರ ಚುರುಗುಟ್ಟುತ್ತಿತ್ತು. ಮೊದಲು ವಿಟಮಿನ್ ಮಾತ್ರೆ, ಆಮೇಲೆ ಹಚ್ಚುವ ಮುಲಾಮು ಎಂದು ನಾಲ್ಕು ತಿಂಗಳು ಕಳೆಯಿತು. ನೋವಿಲ್ಲವಾದ್ದರಿಂದ ಆತನಿಗೂ ಅವಸರವಿರಲಿಲ್ಲ. ನೋವಿಲ್ಲದಿರುವುದು ಒಳ್ಳೆಯ ಲಕ್ಷಣವೆಂದು ಯಾರು ಕಲಿಸಿದರೋ ಕಾಣೆ. ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ.

ಬಾಯಿಯ ಬಿಳುಪೆಲ್ಲ ಒಂದೇ ಅಲ್ಲ. ಹತ್ತಿಬಟ್ಟೆಯಿಂದ ಒರೆಸಿದಾಗ ಕಿತ್ತು ಬಂದರೆ ಅದು ಬಹುಮಟ್ಟಿಗೆ ಶಿಲೀಂಧ್ರದ ಸೋಂಕು. ಮೊನಚಾದ ಹಲ್ಲು ಉಜ್ಜಿಯೂ ಬಿಳುಪಾಗಬಹುದು. ಹಲ್ಲನ್ನು ನಯ ಮಾಡಿದರೆ ಎರಡು ವಾರದಲ್ಲಿ ಮಾಯುವ ದಾರಿ ಹಿಡಿಯುತ್ತದೆ. ಒರೆಸಿದರೆ ಹೋಗದ, ಬೇರೆ ಯಾವ ಕಾಯಿಲೆ ಎಂದೂ ಹೇಳಲಾಗದ ಬಿಳಿ ಮಚ್ಚೆಗೆ ಲ್ಯೂಕೋಪ್ಲೇಕಿಯಾ ಎಂದು ಹೆಸರು. ಆ ಹೆಸರು ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುತ್ತದೆ. ಒಳಗೆ ಏನು ನಡೆದಿದೆ ಎಂಬುದು ಅದರಲ್ಲಿಲ್ಲ.

ಒಳಗೆ ನಡೆಯುವುದು ಇದು. ಬಾಯಿಯ ಒಳಹೊದಿಕೆಯಲ್ಲಿ ಜೀವಕೋಶಗಳು ತಳದಲ್ಲಿ ಹುಟ್ಟಿ, ಮೇಲೇರುತ್ತಾ ಬಲಿತು, ಕೊನೆಗೆ ಉದುರುತ್ತವೆ. ದಿನವೂ ಕೆರಳಿಸಿದರೆ ಅವು ಚರ್ಮದ ಮೇಲ್ಪದರದಲ್ಲಿರುವಂಥ ಕೆರಾಟಿನ್ ಎಂಬ ಗಟ್ಟಿ ವಸ್ತುವನ್ನು ದಪ್ಪವಾಗಿ ಮೆತ್ತಿಕೊಳ್ಳುತ್ತವೆ. ಅದು ಜೊಲ್ಲಿನಲ್ಲಿ ನೆನೆದು ಬೆಳ್ಳಗೆ ಕಾಣುತ್ತದೆ, ಹೆಚ್ಚು ಹೊತ್ತು ನೀರಿನಲ್ಲಿ ನೆನೆದ ಅಂಗಾಲು ಬಿಳಿಚಿಕೊಂಡಂತೆ. ಬಿಳುಪೆಂದರೆ ಜೀವಕೋಶಗಳು ಇನ್ನೂ ಬಲಿಯುತ್ತಿವೆ, ಅತಿಯಾಗಿಯೇ ಬಲಿಯುತ್ತಿವೆ ಎಂದರ್ಥ. ಕೆಂಪಾದ ಕಡೆ ಕಥೆ ಬೇರೆ. ಅಲ್ಲಿ ಅವು ಬಲಿಯುವುದನ್ನೇ ಮರೆತು ಒಡೆದು ಎರಡಾಗುವುದರಲ್ಲೇ ತೊಡಗಿರುತ್ತವೆ. ಕೆರಾಟಿನ್ ಇಲ್ಲ, ಹೊದಿಕೆ ತೆಳ್ಳಗಾಗಿದೆ, ಅಡಿಯ ರಕ್ತನಾಳಗಳು ಎದ್ದು ಕಾಣುತ್ತಿವೆ. ಮಖಮಲ್ಲಿನಂತಹ ಈ ಕೆಂಪಿಗೆ ಎರಿತ್ರೋಪ್ಲೇಕಿಯಾ ಎನ್ನುತ್ತೇವೆ. ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ. ಕೆಂಪು ಮಚ್ಚೆ ಅಪರೂಪ, ಆದರೆ ತುಂಡು ತೆಗೆದು ನೋಡಿದ ದಿನವೇ ಅವುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುತ್ತವೆ, ಇಲ್ಲವೇ ಅದರ ಹೊಸ್ತಿಲಲ್ಲಿರುತ್ತವೆ.

ನಮ್ಮ ದರ್ಜಿಯ ಬಿಳಿ ಮಚ್ಚೆಯ ಹಿಂಬದಿಯಲ್ಲಿ ಕಡಲೆಕಾಳಿನಷ್ಟು ಕೆಂಪಿತ್ತು. ಚುರುಗುಟ್ಟುತ್ತಿದ್ದುದು ಅದೇ. ಆದರೆ ಅಡಿಕೆಯಿಂದ ಕೆನ್ನೆ ಬಿರುಸಾಗಿ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ, ಹಿಂದಿನ ಭಾಗ ಸುಲಭವಾಗಿ ಕಾಣುತ್ತಿರಲಿಲ್ಲ. ಮೊದಲ ಬಯಾಪ್ಸಿಯ ತುಣುಕು ಕೈಗೆಟುಕುವ ಮುಂಭಾಗದ ದಪ್ಪ ಬಿಳುಪಿನಿಂದ ಬಂತು. ನಾನು ನೋಡಿದಾಗ ಕೆರಾಟಿನ್ ದಪ್ಪಗಿತ್ತು, ತಳದ ಎರಡು ಮೂರು ಸಾಲು ಜೀವಕೋಶಗಳು ಮಾತ್ರ ಕ್ರಮ ತಪ್ಪಿದ್ದವು. ಸೌಮ್ಯ ಡಿಸ್‌ಪ್ಲೇಸಿಯಾ, ಅಂದರೆ ಇನ್ನೂ ಕ್ಯಾನ್ಸರ್ ಅಲ್ಲದ ಸಣ್ಣ ಮಟ್ಟದ ಕ್ರಮಭಂಗ, ಎಂದು ಬರೆದೆ. ಬರೆದದ್ದು ಸುಳ್ಳಲ್ಲ. ಆದರೆ ನನ್ನ ವರದಿ ಆ ಐದಾರು ಮಿಲಿಮೀಟರ್ ತುಣುಕಿನ ವರದಿ, ಇಡೀ ಕೆನ್ನೆಯದಲ್ಲ.

ಅದೃಷ್ಟಕ್ಕೆ, ತುಣುಕಿನ ಜೊತೆ ಬಂದ ಚೀಟಿಯಲ್ಲಿ ‘ಹಿಂಭಾಗದಲ್ಲಿ ಕೆಂಪು’ ಎಂಬ ಎರಡು ಪದಗಳಿದ್ದವು. ಫೋನ್ ಮಾಡಿ ಕೆಂಪಿನಿಂದಲೇ ಇನ್ನೊಂದು ತುಣುಕು ಕಳಿಸಿ ಎಂದೆ. ಕೆಂಪಾದ ಕಡೆ, ಹುಣ್ಣಾದ ಕಡೆ, ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿ ಸಿಗುವ ಕಡೆ ಕೊಯ್ಯಬೇಕೆಂಬುದು ಬಯಾಪ್ಸಿಯ ಮೊದಲ ಪಾಠ. ಮಚ್ಚೆ ದೊಡ್ಡದಿದ್ದರೆ ಒಂದಕ್ಕಿಂತ ಹೆಚ್ಚು ಕಡೆಯಿಂದ ತೆಗೆಯಬೇಕು.

ಎರಡನೆಯ ಬಾರಿ ಆತ ಹೆದರಿದ. ಬಯಾಪ್ಸಿಯೆಂದರೆ ಹೆಚ್ಚಿನ ಸಂದರ್ಭದಲ್ಲಿ ಹಲ್ಲು ಕೀಳುವುದಕ್ಕಿಂತ ಸಣ್ಣ ಕೆಲಸ. ಮಚ್ಚೆಯ ಪಕ್ಕದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಮಚ್ಚೆಗೇ ಚುಚ್ಚಿದರೆ ಔಷಧದ ನೀರು ತುಂಬಿಕೊಂಡು ನನಗೆ ಜೀವಕೋಶಗಳು ಸರಿಯಾಗಿ ಕಾಣುವುದಿಲ್ಲ. ಮೇಲಿನ ಸಿಪ್ಪೆಯಷ್ಟೇ ಸಾಲದು, ಅಡಿಯ ಪದರವೂ ಬರುವಷ್ಟು ಆಳವಾಗಿ ಒಂದು ತುಣುಕು ತೆಗೆದು, ಹೊಲಿಗೆ ಹಾಕಿ, ತುಣುಕನ್ನು ಫಾರ್ಮಲಿನ್‌ನಲ್ಲಿ ಮುಳುಗಿಸುತ್ತಾರೆ. ಅವಸರದಲ್ಲಿ ಸಲೈನ್ ನೀರಿನಲ್ಲಿ ಹಾಕಿ ಕಳಿಸುವವರೂ ಇದ್ದಾರೆ. ಅದು ನನ್ನ ಕೈ ಸೇರುವಷ್ಟರಲ್ಲಿ ಕೊಳೆಯತೊಡಗಿರುತ್ತದೆ. ಇಡೀ ಮಚ್ಚೆಯನ್ನು ಒಮ್ಮೆಗೇ ಕೊಯ್ದು ತೆಗೆಯದಿರುವುದಕ್ಕೂ ಕಾರಣವಿದೆ: ಕ್ಯಾನ್ಸರ್ ಎಂದಾದರೆ, ಅದರ ಅಂಚು ಎಲ್ಲಿತ್ತೆಂಬುದು ಶಸ್ತ್ರಚಿಕಿತ್ಸಕರಿಗೆ ಬೇಕು.

‘ಕತ್ತಿ ತಾಗಿದರೆ ಹರಡುತ್ತದಂತಲ್ಲ?’ ಎಂದು ಆತ ಕೇಳಿದನಂತೆ. ಈ ಮಾತು ಹುಟ್ಟಿದ್ದು ಎಲ್ಲಿಂದ ಎಂದು ನಾನು ಊಹಿಸಬಲ್ಲೆ. ತಡವಾಗಿ ಬಂದವರಿಗೂ ಮೊದಲು ಮಾಡುವುದು ಬಯಾಪ್ಸಿಯನ್ನೇ. ಅಷ್ಟರಲ್ಲಿ ರೋಗ ಕುತ್ತಿಗೆಯ ಗ್ರಂಥಿಗಳಿಗೆ ಇಳಿದಿರುತ್ತದೆ, ಕೆಲವೇ ತಿಂಗಳಲ್ಲಿ ಅವರು ಕುಸಿಯುತ್ತಾರೆ, ಅಪವಾದ ಕತ್ತಿಯ ಮೇಲೆ ಬರುತ್ತದೆ. ಹರಡಲು ದಾರಿ ಸಿಕ್ಕಿದ್ದು ಅದಕ್ಕೂ ಮೊದಲು ಸುಮ್ಮನೆ ಕಳೆದ ತಿಂಗಳುಗಳಲ್ಲಿ.

ಎರಡನೆಯ ತುಣುಕಿನಲ್ಲಿ ತಳದಿಂದ ಮೇಲಿನವರೆಗೂ ಜೀವಕೋಶಗಳು ಅಂಕೆ ತಪ್ಪಿದ್ದವು. ಹೊದಿಕೆಗೂ ಅಡಿಯ ಮಾಂಸಕ್ಕೂ ನಡುವೆ ಒಂದು ತೆಳುವಾದ ಪೊರೆಯಿದೆ. ನನಗೆ ಅದೇ ಗಡಿಗೋಡೆ. ಒಂದು ಕಡೆ ಅದು ಒಡೆದು ಸಣ್ಣ ಗುಂಪುಗಳು ಕೆಳಗೆ ಇಳಿದಿದ್ದವು. ಆರಂಭದ ಹಂತದ ಕ್ಯಾನ್ಸರ್. ಎಡಗೆನ್ನೆಯ ಆ ಭಾಗವನ್ನೂ ಸುತ್ತಲಿನ ಆರೋಗ್ಯವಂತ ಅಂಚನ್ನೂ ತೆಗೆದರು. ಕುತ್ತಿಗೆಯ ಗ್ರಂಥಿಗಳಲ್ಲಿ ರೋಗವಿರಲಿಲ್ಲ, ವಿಕಿರಣ ಚಿಕಿತ್ಸೆ ಬೇಕಾಗಲಿಲ್ಲ.

ಆತ ಅಡಿಕೆ ಬಿಟ್ಟಿದ್ದಾನೆ. ಆದರೂ ಇಷ್ಟು ವರ್ಷ ವಿಷ ತಾಗಿದ ಬಾಯಿಯಲ್ಲಿ ಬೇರೊಂದು ಕಡೆಯೂ ರೋಗ ಏಳಬಹುದಾದ್ದರಿಂದ ಆಗಾಗ ಬಂದು ತೋರಿಸುತ್ತಾನೆ. ಕಳೆದ ಬಾರಿ ಕನ್ನಡಿಯಲ್ಲಿ ಬಲಗೆನ್ನೆಯ ಕೆಂಪೊಂದನ್ನು ತಾನೇ ಕಂಡು, ಕರೆದ ದಿನಕ್ಕೂ ಮೊದಲೇ ಓಡಿ ಬಂದಿದ್ದ. ಎದುರಿಗೇ ಒಂದು ಮುರಿದ ಹಲ್ಲಿತ್ತು. ಅದನ್ನು ನಯ ಮಾಡಿ ಹದಿನಾಲ್ಕನೆಯ ದಿನ ಬರಹೇಳಿದರು. ಕೆಂಪು ಮಾಯವಾಗಿತ್ತು. ಆ ಬಾರಿ ನನಗೆ ತುಣುಕು ಬರಲಿಲ್ಲ.

ನಮಸ್ಕಾರ.