ಸವಕಳಿ ತೆಗೆದ ಕೈಯಲ್ಲೇ ಅಸಲು ಸೇರಿಸಿ
(ಶಿರಸಿಯಲ್ಲಿ ಸಣ್ಣ ಉದ್ದಿಮೆದಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು ನನಗೆ ಕೊಟ್ಟಿದ್ದಾರೆ, ಅದೂ ಲೆಕ್ಕದ ವಿಷಯಕ್ಕೆ. ನಿದ್ದೆ ಬಂದವರು ಧಾರಾಳವಾಗಿ ಕಣ್ಣು ಮುಚ್ಚಿ. ಗೊರಕೆ ಮಾತ್ರ ಬೇಡ, ಹಿಂದಿನವರಿಗೆ ಕೇಳುವುದಿಲ್ಲ.

ಬ್ರೇಕ್ ಈವನ್ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಸಾಲದ ಅರ್ಜಿ ಜೊತೆ ಪ್ರಾಜೆಕ್ಟ್ ರಿಪೋರ್ಟ್ ಕೊಟ್ಟವರೇ ಇಲ್ಲಿ ಜಾಸ್ತಿ. ಅದರಲ್ಲಿ ಆ ಅಂಕಿ ಇದ್ದೇ ಇರುತ್ತದೆ. ಬರೆದವರು ಆಡಿಟರು, ಓದಿದವರು ಯಾರೂ ಇಲ್ಲ. ನಾನು ಬ್ಯಾಂಕಿನಲ್ಲಿ ಸಣ್ಣ ಸಾಲಗಳ ಮೇಜಿನಲ್ಲೇ ಕೂದಲು ಬಿಳಿ ಮಾಡಿಕೊಂಡವನು. ನಾನೂ ಎಷ್ಟೋ ಸಲ ಓದದೇ ಸಹಿ ಹಾಕಿದ್ದೇನೆ. ಈಗ ನಿವೃತ್ತಿ ಆಗಿದೆ, ಹೇಳಬಹುದು.

ಇವತ್ತು ನಾನು ಹೇಳುವುದು ಅದರ ತಮ್ಮನ ಬಗ್ಗೆ. ಕ್ಯಾಶ್ ಬ್ರೇಕ್ ಈವನ್. ಸವಕಳಿಯನ್ನು ಬಿಟ್ಟು ಮಾಡುವ ಲೆಕ್ಕ. ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ನೋಡಬೇಕಾದ್ದು ಇದನ್ನು. ಆದರೆ ಅರ್ಧ ಲೆಕ್ಕ ಮಾಡಿದರೆ ಇದೇ ಮುಳುಗಿಸುತ್ತದೆ. ಅದಕ್ಕೇ ಒಂದು ಕತೆ ಹೇಳುತ್ತೇನೆ.

ನಮ್ಮ ಸಂಬಂಧದಲ್ಲೇ ಒಬ್ಬಳು ತಂಗಿ. ಹೆಸರು ಬೇಡ. ಶಿರಸಿಯಿಂದ ಸ್ವಲ್ಪ ಒಳಗೆ ಬಾಳೆಕಾಯಿ ಚಿಪ್ಸ್ ಮಾಡುವ ಘಟಕ ಹಾಕಿದ್ದಳು. ಕತ್ತರಿಸುವ ಯಂತ್ರ, ದೊಡ್ಡ ಫ್ರೈಯರ್, ಪ್ಯಾಕಿಂಗ್ ಯಂತ್ರ, ಒಂದು ಸಣ್ಣ ಗಾಡಿ. ಎಲ್ಲ ಸೇರಿ 11 ಲಕ್ಷದ 20 ಸಾವಿರ. ಅದರಲ್ಲಿ 7 ಲಕ್ಷ ಸಾಲ. ಗಾಡಿ ದೇವಿಮನೆ ಘಟ್ಟ ಇಳಿದು ಕುಮಟಾ, ಗೋಕರ್ಣ, ಅಂಕೋಲಾಕ್ಕೆ ಹೋಗಿ ಬರುತ್ತಿತ್ತು. ಚಿಪ್ಸ್ ಚೆನ್ನಾಗಿತ್ತು. ಅದರಲ್ಲಿ ತಕರಾರಿಲ್ಲ, ಒಂದು ಪ್ಯಾಕೆಟ್ ಅವಳ ಎದುರೇ ಖಾಲಿ ಮಾಡಿದ್ದೇನೆ.

ಹತ್ತನೇ ತಿಂಗಳಿಗೆ ಮನೆಗೆ ಬಂದಳು. ಕೂತವಳೇ, “ಅಣ್ಣ, ಮುಚ್ಚಿಬಿಡ್ಲಾ?” ಅಂದಳು. ಆಡಿಟರು ಹೇಳಿದ್ದರಂತೆ, ತಿಂಗಳಿಗೆ 4,000 ಪ್ಯಾಕೆಟ್ ಹೋದರೆ ಮಾತ್ರ ಸರಿಸಮ ಅಂತ. ಹೋಗುತ್ತಿದ್ದದ್ದು 3,400. ತಿಂಗಳಿಗೆ ಹತ್ತು ಸಾವಿರಕ್ಕೂ ಮೇಲೆ ನಷ್ಟ.

ಪುಸ್ತಕ ತೆಗೆಸಿದೆ. ಒಂದು ಪ್ಯಾಕೆಟ್ ಅಂಗಡಿಗೆ 50 ರೂಪಾಯಿಗೆ ಕೊಡುತ್ತಿದ್ದಳು. ಬಾಳೆಕಾಯಿ, ಎಣ್ಣೆ, ಗ್ಯಾಸ್, ಕವರು, ಸಾಗಣೆ ಸೇರಿ 32 ಆಗುತ್ತಿತ್ತು. ಉಳಿಯುವುದು 18. ಇನ್ನು ಮಾರಿದರೂ ಮಾರದಿದ್ದರೂ ಬರುವ ತಿಂಗಳ ಖರ್ಚು. ಶೆಡ್ಡಿನ ಬಾಡಿಗೆ 12,000. ಇಬ್ಬರ ಸಂಬಳ 36,000. ಕರೆಂಟಿನ ನಿಗದಿ ಶುಲ್ಕ, ಫೋನು, ಚಿಲ್ಲರೆ 4,000. ಸಾಲದ ಬಡ್ಡಿ 6,000. ಸವಕಳಿ 14,000. ಒಟ್ಟು 72,000. ಹದಿನೆಂಟರಿಂದ ಭಾಗಿಸಿ, 4,000 ಪ್ಯಾಕೆಟ್. ಆಡಿಟರ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ.

ನಾನು ಕೇಳಿದೆ, “ತಂಗೀ, ಈ 14,000 ಪ್ರತಿ ತಿಂಗಳು ಯಾರಿಗೆ ಕೊಡ್ತೀಯ?” ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಯಾರಿಗೂ ಕೊಡುವುದಿಲ್ಲ. ಯಂತ್ರಕ್ಕೆ ದುಡ್ಡು ಕೊಟ್ಟು ಆಗಿಹೋಗಿದೆ. ಆದಾಯ ತೆರಿಗೆಯವರು ಯಂತ್ರಕ್ಕೆ ವರ್ಷಕ್ಕೆ ನೂರಕ್ಕೆ 15 ಸವಕಳಿ ಒಪ್ಪುತ್ತಾರೆ, ಅದನ್ನು ಆಡಿಟರು ಹನ್ನೆರಡು ಭಾಗ ಮಾಡಿ ಬರೆದಿದ್ದಾರೆ, ಅಷ್ಟೇ. ತಮಾಷೆ ನೋಡಿ. ಮುಂದಿನ ವರ್ಷ ಆ 15 ಬೀಳುವುದು ಉಳಿದ ಬೆಲೆಯ ಮೇಲೆ. ಹಾಗಾಗಿ 14,000 ಇದ್ದದ್ದು 11,900ಕ್ಕೆ ಇಳಿಯುತ್ತದೆ. ಅವಳು ಒಂದು ಪ್ಯಾಕೆಟ್ ಜಾಸ್ತಿ ಮಾರದಿದ್ದರೂ ಬ್ರೇಕ್ ಈವನ್ ನೂರಕ್ಕೂ ಹೆಚ್ಚು ಪ್ಯಾಕೆಟ್ ಕೆಳಗೆ ಬರುತ್ತದೆ! ಇಂಥ ಅಂಕಿ ನೋಡಿ ಅಂಗಡಿ ಮುಚ್ಚುವುದಾ?

ಸವಕಳಿ ತೆಗೆದೆ. ಉಳಿದದ್ದು 58,000. ಭಾಗಿಸಿದರೆ 3,223 ಪ್ಯಾಕೆಟ್. ಮಾರುತ್ತಿರುವುದು 3,400. “ನೋಡು, ನೀನು ದಾಟಿದ್ದೀಯ” ಅಂದೆ. ತಿಂಗಳಿಗೆ ಮೂರು ಸಾವಿರದ ಚಿಲ್ಲರೆ ಕೈಯಲ್ಲಿ ಉಳಿಯಬೇಕು. ನನಗೇ ಖುಷಿ ಆಗಿ ಇನ್ನೊಂದು ಚಾ ಕುಡಿದೆ.

ಅವಳು ಚಾ ಮುಟ್ಟಲಿಲ್ಲ. “ಅಣ್ಣ, ಉಳಿಯೋದಾದ್ರೆ ಆ ದುಡ್ಡು ಎಲ್ಲಿ? ಕಂತಿನ ದಿನ ನಾನು ಅಡಿಕೆ ದುಡ್ಡು ತೆಗೀತಾ ಇದ್ದೀನಲ್ಲ” ಅಂದಳು.

ಬ್ಯಾಂಕಿನಲ್ಲಿ ಅಷ್ಟು ವರ್ಷ ಕೂತವನಿಗೆ ನಾಚಿಕೆ ಆಯಿತು. ಕಂತು 17,000. ಅದರಲ್ಲಿ ಬಡ್ಡಿ 6,000 ಮಾತ್ರ ಖರ್ಚಿನ ಪಟ್ಟಿಯಲ್ಲಿದೆ. ಅಸಲು 11,000 ಎಲ್ಲೂ ಇಲ್ಲ. ಲಾಭ-ನಷ್ಟದ ಪಟ್ಟಿಗೆ ಅಸಲು ಬರುವುದೇ ಇಲ್ಲ, ಅದು ಸಾಲ ಇಳಿಸುವುದು, ಖರ್ಚಲ್ಲ. ಪುಸ್ತಕಕ್ಕೆ ಅದು ಸರಿ. ಆದರೆ ದುಡ್ಡು ಹೋಗುತ್ತದೆ, ಅಲ್ವಾ? ಸವಕಳಿ ಪುಸ್ತಕದಲ್ಲಿದೆ, ಪರ್ಸಿನಿಂದ ಹೋಗುವುದಿಲ್ಲ. ಅಸಲು ಪರ್ಸಿನಿಂದ ಹೋಗುತ್ತದೆ, ಪುಸ್ತಕದಲ್ಲಿಲ್ಲ. ಒಂದನ್ನು ತೆಗೆದ ಕೈಯಲ್ಲೇ ಇನ್ನೊಂದನ್ನು ಸೇರಿಸಬೇಕು. ಪಠ್ಯಪುಸ್ತಕದ ಸೂತ್ರ ತೆಗೆಯುವುದನ್ನು ಮಾತ್ರ ಹೇಳುತ್ತದೆ.

ಸೇರಿಸಿದೆವು. 58,000ಕ್ಕೆ 11,000 ಕೂಡಿಸಿ 69,000. ಭಾಗಿಸಿದರೆ 3,834 ಪ್ಯಾಕೆಟ್. ಮಾರುವುದು 3,400. ತಿಂಗಳಿಗೆ 7,800 ಕಮ್ಮಿ. ಅವಳು ಅಡಿಕೆ ದುಡ್ಡಿನಿಂದ ತೆಗೆಯುತ್ತಿದ್ದದ್ದು ಎಷ್ಟು ಅಂತ ಕೇಳಿದೆ. “ಎಂಟು ಸಾವಿರದ ಹತ್ತಿರ” ಅಂದಳು. ಲೆಕ್ಕ ಸರಿ ಇದೆ ಅಂತ ಗೊತ್ತಾಗುವುದು ಹೀಗೆ. ನಿಮ್ಮ ಅಂಕಿ ಬ್ಯಾಂಕಿನ ಪಾಸ್‌ಬುಕ್ಕಿಗೆ ಹೊಂದಬೇಕು. ಹೊಂದದಿದ್ದರೆ ಯಾವುದೋ ಒಂದು ಖರ್ಚು ಬಿಟ್ಟಿದ್ದೀರಿ, ಇಲ್ಲವೇ ಉದ್ರಿ ನಿಂತಿದೆ. ಉದ್ರಿಗೆ ಆಮೇಲೆ ಬರುತ್ತೇನೆ, ಟೈಮ್ ಇದ್ದರೆ.

ಈಗ ಏನು ಮಾಡುವುದು? ಮುಚ್ಚಿದರೆ 18 ರೂಪಾಯಿಯೂ ಬರುವುದಿಲ್ಲ, ಆದರೆ ಕಂತು ನಿಲ್ಲುವುದಿಲ್ಲ. ಬಳಸಿದ ಫ್ರೈಯರ್ ಮಾರಲು ಹೋಗಿ ನೋಡಿ, ಏನು ಬೆಲೆ ಕೇಳುತ್ತಾರೆ ಅಂತ.

ನಾವು ಎರಡು ಕೆಲಸ ಮಾಡಿದೆವು. ಮೊದಲು ಬ್ಯಾಂಕಿಗೆ ಹೋದೆವು. ಉಳಿದ ಸಾಲ 6 ಲಕ್ಷದ ಹತ್ತಿರ ಇತ್ತು, ಬಡ್ಡಿ ನೂರಕ್ಕೆ 12. ಅದನ್ನು ಹೊಸದಾಗಿ 60 ತಿಂಗಳಿಗೆ ಹರಡಿಸಿದೆವು. ಕಂತು 17,000 ಇದ್ದದ್ದು 13,350 ಆಯಿತು. ಪುಕ್ಕಟೆ ಅಲ್ಲ, ಪೂರ್ತಿ ತೀರುವ ಹೊತ್ತಿಗೆ ಬಡ್ಡಿ ಐವತ್ತು ಸಾವಿರದ ಮೇಲೆ ಜಾಸ್ತಿ ಹೋಗುತ್ತದೆ. ಒಂದು ಮಾತು ನೆನಪಿಡಿ, ಕೇಳುವುದಿದ್ದರೆ ಕಂತು ತಪ್ಪುವ ಮೊದಲೇ ಕೇಳಿ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ ಪಟ್ಟಿಗೆ ಹೋಗುತ್ತದೆ. ಆಮೇಲೆ ಮ್ಯಾನೇಜರ್ ಚಾ ಕೂಡ ಕೇಳುವುದಿಲ್ಲ. ನಾನೂ ಕೇಳುತ್ತಿರಲಿಲ್ಲ.

ಎರಡನೆಯದು, ಅಂಗಡಿಯ ದರ 50ರಿಂದ 52 ಮಾಡಿದಳು. ಹೆದರಿಕೊಂಡೇ ಮಾಡಿದಳು. ಕೆಲವು ಅಂಗಡಿಯವರು ಬಿಟ್ಟರು. ಮಾರಾಟ 3,300ಕ್ಕೆ ಇಳಿಯಿತು. ಆದರೆ ಪ್ಯಾಕೆಟ್ಟಿಗೆ ಉಳಿಯುವುದು 20 ಆಯಿತು. ಬಡ್ಡಿ ಬಿಟ್ಟು ಉಳಿದ ಖರ್ಚು 52,000, ಹೊಸ ಕಂತು 13,350, ಒಟ್ಟು 65,350. ಬಂದದ್ದು 66,000. ಉಳಿದದ್ದು 650 ರೂಪಾಯಿ. ಪುಸ್ತಕದಲ್ಲಿ ಆ ತಿಂಗಳು ಆರು ಸಾವಿರ ನಷ್ಟ. ಪರ್ಸಿನಲ್ಲಿ 650 ಲಾಭ. ಎರಡೂ ನಿಜ.

ಇಲ್ಲಿ ಒಬ್ಬರು ಕೈ ಎತ್ತಿದ್ದಾರೆ. ಹೇಳಿ... ಹೌದು, ಒಳ್ಳೆ ಪ್ರಶ್ನೆ. “ಹಾಗಾದ್ರೆ ಸವಕಳಿ ಸುಳ್ಳಾ?” ಸುಳ್ಳಲ್ಲ. ನಮ್ಮ ಸೊಪ್ಪಿನ ಬೆಟ್ಟ ನೋಡಿ. ಒಂದು ವರ್ಷ ಜಾಸ್ತಿ ಸೊಪ್ಪು ಕಡಿದರೆ ಬೆಟ್ಟ ಸುಮ್ಮನಿರುತ್ತದೆ. ಹತ್ತು ವರ್ಷ ಹಾಗೇ ಕಡಿದರೆ ತೋಟಕ್ಕೆ ಹಾಕಲು ಸೊಪ್ಪು ಇಲ್ಲ. ಫ್ರೈಯರ್ ಒಂದು ದಿನ ತೂತಾಗುತ್ತದೆ. ಆ ದಿನಕ್ಕೆ ದುಡ್ಡು ಎತ್ತಿಡದವರು ಮತ್ತೆ ಸಾಲಕ್ಕೆ ಬರುತ್ತಾರೆ. ಕ್ಯಾಶ್ ಬ್ರೇಕ್ ಈವನ್ ಕಷ್ಟದ ತಿಂಗಳು ದಾಟಲು. ಅದರ ಮೇಲೇ ಮೂರು ನಾಲ್ಕು ವರ್ಷ ಕೂತರೆ ಯಂತ್ರವನ್ನೇ ತಿನ್ನುತ್ತಿದ್ದೀರಿ ಅಂತ ಅರ್ಥ. ಮತ್ತೆ ಈ ಲೆಕ್ಕದಲ್ಲಿ ಅವಳ ಸಂಬಳ ಇಲ್ಲ, ಮನೆ ಅಡಿಕೆಯ ಮೇಲೆ ನಡೆಯುತ್ತದೆ. ನಿಮ್ಮ ಮನೆ ಘಟಕದ ಮೇಲೇ ನಡೆಯುವುದಾದರೆ ಮನೆ ಖರ್ಚನ್ನೂ ಅಸಲಿನ ಪಕ್ಕದಲ್ಲೇ ಬರೆಯಿರಿ. ಸವಕಳಿ ತೆಗೆದ ಕೈಯಲ್ಲೇ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ. ಉದ್ರಿ ಬೇಗ ಮುಗಿಸುತ್ತೇನೆ. ಈ ಲೆಕ್ಕವೆಲ್ಲ ಮಾರಿದ ತಿಂಗಳೇ ದುಡ್ಡು ಬಂತು ಅಂತ ಹಿಡಿದದ್ದು. ಅಂಗಡಿಯವರು 45 ದಿನಕ್ಕೆ ಕೊಡುತ್ತಾರೆ. ಪ್ರತಿ ಪ್ಯಾಕೆಟ್ಟಿನ 32 ರೂಪಾಯಿ ಅಷ್ಟು ದಿನ ಅವರ ಕಪಾಟಿನಲ್ಲಿ ಕೂತಿರುತ್ತದೆ. ತಿಂಗಳಿಗೆ 3,400 ಪ್ಯಾಕೆಟ್ ಅಂದರೆ ಒಂದೂವರೆ ಲಕ್ಷದ ಮೇಲೆ. ಅದಕ್ಕೇ ಮಾರಾಟ ಜಾಸ್ತಿ ಆದ ತಿಂಗಳೇ ಕೈ ಖಾಲಿಯಾಗುವುದು. ಬ್ರೇಕ್ ಈವನ್ ದಾಟಿಯೂ ಎಣ್ಣೆ ತರಲು ದುಡ್ಡಿಲ್ಲ ಅಂದರೆ ಕಾರಣ ಇಲ್ಲಿ ಹುಡುಕಿ.

ಇನ್ನು ಮಳೆಗಾಲ. ಇದನ್ನು ಬಿಟ್ಟು ಇಳಿಯುವುದಿಲ್ಲ, ಅಧ್ಯಕ್ಷರು ಕ್ಷಮಿಸಬೇಕು. ನಾನು ಹೇಳಿದ 3,300 ಒಣ ತಿಂಗಳ ಅಂಕಿ. ಜೂನಿನಿಂದ ಸೆಪ್ಟೆಂಬರ್ ತನಕ ಗೋಕರ್ಣಕ್ಕೆ ಜನ ಕಮ್ಮಿ, ಚಿಪ್ಸ್ ಮೆತ್ತಗಾಗುತ್ತದೆ, ವಾಪಸ್ ಬರುತ್ತದೆ. ಆ ನಾಲ್ಕು ತಿಂಗಳು ಅವಳಿಗೆ 2,200ರ ಮೇಲೆ ಹೋಗುವುದಿಲ್ಲ. ಆ 65,350ನ್ನು ಹನ್ನೆರಡು ತಿಂಗಳಿಗೆ ಗುಣಿಸಿ ಇಪ್ಪತ್ತರಿಂದ ಭಾಗಿಸಿದರೆ ವರ್ಷಕ್ಕೆ ಬೇಕಾದದ್ದು 39,210 ಪ್ಯಾಕೆಟ್. ಮಳೆಯ ನಾಲ್ಕು ತಿಂಗಳಲ್ಲಿ 8,800. ಉಳಿದದ್ದನ್ನು ಎಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ 3,802. ಅಂದರೆ ಆ 650 ಉಳಿದ ತಿಂಗಳೂ ಅವಳು ನಿಜಕ್ಕೂ ದಾಟಿರಲಿಲ್ಲ. ಮಾರಿಕಾಂಬಾ ಜಾತ್ರೆಯ ಮಾರಾಟ ಸೇರಿಸಿ ಸರಾಸರಿ ತೆಗೆಯಲು ಹೊರಟಿದ್ದಳು. ಬೇಡ ಅಂದೆ. ಜಾತ್ರೆ ಎರಡು ವರ್ಷಕ್ಕೊಮ್ಮೆ, ಕಂತು ಪ್ರತಿ ತಿಂಗಳು.

ಈಗ ಅವಳು ಬೇಸಿಗೆಯಲ್ಲಿ ಊರಿನ ಹೆಂಗಸರಿಂದ ಹಲಸಿನ ಹಪ್ಪಳ ತೆಗೆದುಕೊಂಡು ಡಬ್ಬದಲ್ಲಿ ತುಂಬಿಟ್ಟಿದ್ದಾಳೆ. ಮಳೆ ಬಂದಾಗ ಜನ ಕೇಳುವುದು ಹಪ್ಪಳವನ್ನೇ ಅಲ್ವಾ. ಅದಕ್ಕೆ ಹೊಸ ಯಂತ್ರ ಬೇಕಿಲ್ಲ, ಹೊಸ ಕಂತಿಲ್ಲ, ಅದೇ ಗಾಡಿ ಅದೇ ಘಟ್ಟ ಇಳಿಯುತ್ತದೆ. ಆದರೆ ಹಪ್ಪಳಕ್ಕೆ ಕೊಟ್ಟ ದುಡ್ಡು ಏಪ್ರಿಲ್‌ನಲ್ಲೇ ಹೋಗಿದೆ, ಬರುವುದು ಆಗಸ್ಟಿಗೆ. ಎಷ್ಟು ಕೊಟ್ಟಿದ್ದೀಯ ಅಂತ ಕೇಳಿದ್ದೇನೆ, ಇನ್ನೂ ಹೇಳಿಲ್ಲ. ಪುಸ್ತಕ ತರುತ್ತೇನೆ ಅಂದಿದ್ದಾಳೆ, ಭಾನುವಾರ.